ಮೇಲಿನ ಮನೆಯವರಿಗೆ, ರಾತ್ರಿಯ ಸಂಗೀತದ ಬಗ್ಗೆ

ನಮಸ್ಕಾರ.

ನಾನು ನಿಮ್ಮ ಕೆಳಗಿನ ಮನೆಯವಳು, ಎರಡನೆಯ ಮಹಡಿಯ ಎಡಗಡೆಯ ಬಾಗಿಲು. ಕಳೆದ ತಿಂಗಳು ಲಿಫ್ಟ್ ಕೆಟ್ಟಿದ್ದ ದಿನ ನನ್ನ ತಂದೆಯವರನ್ನು ನೀವಿಬ್ಬರೂ ಎರಡೂ ಕಡೆ ಕೈಹಿಡಿದು ಮಹಡಿ ಹತ್ತಿಸಿದಿರಿ. ಅವರು ಈಗಲೂ ಅದನ್ನು ನೆನೆಯುತ್ತಾರೆ. ಅದೇ ಮೆಟ್ಟಿಲ ಮೇಲೆ ನಿಂತು ರಾತ್ರಿಯ ಹಾಡಿನ ವಿಷಯವನ್ನೂ ನಾನು ಹೇಳಿದ್ದೆ. ನೀವು ಬೇಸರಪಡದೆ "ಗೊತ್ತೇ ಆಗಿರಲಿಲ್ಲ, ಇನ್ನು ಮೇಲೆ ನೋಡಿಕೊಳ್ಳುತ್ತೇವೆ" ಎಂದಿರಿ. ನಾಲ್ಕೈದು ರಾತ್ರಿ ನಿಜಕ್ಕೂ ನೆಮ್ಮದಿಯಾಗಿತ್ತು. ಆಮೇಲೆ ಸ್ವಲ್ಪಸ್ವಲ್ಪವಾಗಿ ಮೊದಲಿನಂತೆಯೇ ಆಗಿದೆ. ನಡುರಾತ್ರಿ ಬಂದು ಕರೆಗಂಟೆ ಒತ್ತಿದರೆ ನನ್ನ ದನಿ ನನ್ನ ಹಿಡಿತದಲ್ಲಿ ಇರುವುದಿಲ್ಲ. ಅದಕ್ಕೇ ಹಗಲಿನಲ್ಲಿ ಸಮಾಧಾನವಾಗಿ ಕುಳಿತು ಬರೆಯುತ್ತಿದ್ದೇನೆ.

ಹೋದ ವಾರದ್ದನ್ನೇ ಹೇಳುತ್ತೇನೆ. ಮಂಗಳವಾರ ಹನ್ನೆರಡೂಕಾಲಿನವರೆಗೆ, ಗುರುವಾರ ಹನ್ನೆರಡಕ್ಕೆ ಸ್ವಲ್ಪ ಮೊದಲಿನವರೆಗೆ, ಶನಿವಾರ ಹೆಚ್ಚುಕಡಿಮೆ ಒಂದೂವರೆಯವರೆಗೆ. ದೂರು ಕೊಡಲೆಂದು ಗುರುತು ಹಾಕಿಕೊಂಡದ್ದಲ್ಲ. ಎಚ್ಚರವಾದರೆ ಕೈ ಮೊದಲು ಹೋಗುವುದು ಗಡಿಯಾರದ ಕಡೆಗೆ, ಅಷ್ಟೇ.

ನಿಮ್ಮ ಮನೆಯಲ್ಲಿ ಆ ಹಾಡು ಅಷ್ಟೇನೂ ಜೋರಾಗಿ ಕೇಳಿಸದೆ ಇರಬಹುದು. ಅದನ್ನು ನಾನು ನಂಬುತ್ತೇನೆ. ತೊಂದರೆ ಇರುವುದು ಹಾಡಿನಲ್ಲಲ್ಲ, ಅದರ ಬೇಸ್‌ನಲ್ಲಿ. ಹಾಡುವವರ ದನಿ, ಪಿಟೀಲು, ಕೊಳಲು ಎಲ್ಲವನ್ನೂ ಕಾಂಕ್ರೀಟು ಬಹುಮಟ್ಟಿಗೆ ತಡೆದುಬಿಡುತ್ತದೆ. ಕೆಳಸ್ತರದ ಧಮ್ ಧಮ್ ಮಾತ್ರ ಹಾಗೆ ನಿಲ್ಲುವುದಿಲ್ಲ. 50 ಹರ್ಟ್ಸ್‌ನ ಒಂದು ಅಲೆ ಗಾಳಿಯಲ್ಲಿ ಸುಮಾರು ಏಳು ಮೀಟರ್ ಉದ್ದವಿರುತ್ತದಂತೆ, ಅಂದರೆ ನಮ್ಮ ಕೋಣೆಗಳಿಗಿಂತಲೂ ಉದ್ದ. ಜೊತೆಗೆ ಬೇಸ್ ಪೆಟ್ಟಿಗೆಯನ್ನು ನೇರವಾಗಿ ನೆಲದ ಮೇಲೆ ಇಟ್ಟಿದ್ದರೆ ನಿಮ್ಮ ನೆಲವೇ ಕಂಪಿಸುತ್ತದೆ. ನಿಮ್ಮ ನೆಲವೆಂದರೆ ನಮ್ಮ ಸೂರು. ಹೀಗಾಗಿ ನಮಗೆ ಸಿಗುವುದು ಮಾತಿಲ್ಲದ, ರಾಗವಿಲ್ಲದ ಬರಿಯ ತಾಳ. ಪೂರ್ತಿ ಹಾಡು ಕೇಳಿಸಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ!

ನಮ್ಮ ಮಲಗುವ ಕೋಣೆಯ ಕಿಟಕಿಯ ಗಾಜು ಆ ತಾಳಕ್ಕೆ ಸರಿಯಾಗಿ ಗಿರ್ ಎನ್ನುತ್ತದೆ. ಹಳೆಯ ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಗಾಜಿಗೂ ಚೌಕಟ್ಟಿಗೂ ನಡುವೆ ತುರುಕಿದೆ. ಗಾಜು ಸುಮ್ಮನಾಯಿತು, ಆದರೆ ಮಂಚದ ಪಕ್ಕದ ಮೇಜಿನ ಮೇಲಿನ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಉಂಗುರಗಳು ಏಳುತ್ತಲೇ ಇದ್ದವು. ಶನಿವಾರ ರಾತ್ರಿ ನಾನೂ ಅಪ್ಪನೂ ದೀಪ ಹಾಕಿಕೊಂಡು ಕುಳಿತು ಅದನ್ನೇ ನೋಡಿದೆವು. ಅವರಿಗೆ ಎಪ್ಪತ್ತೆಂಟು. ಒಮ್ಮೆ ಎಚ್ಚರವಾದರೆ ಬೆಳಗಿನವರೆಗೂ ಮತ್ತೆ ನಿದ್ದೆ ಹತ್ತುವುದಿಲ್ಲ. ನಾನು ಬೆಳಗಿನ ಪಾಳಿಯವಳು, ನಾಲ್ಕೂವರೆಗೆ ಏಳಲೇಬೇಕು. ಒಂದೂವರೆಗೆ ಸದ್ದು ನಿಂತರೆ ನನಗೆ ಉಳಿಯುವುದು ಮೂರು ಗಂಟೆ.

ಮಲಗುವ ಕೋಣೆಯೊಳಗಿನ ನಿರಂತರ ಸದ್ದು 30 ಡೆಸಿಬೆಲ್ ದಾಟಬಾರದು, ಕೆಳಸ್ತರದ ಸದ್ದು ಹೆಚ್ಚಿದ್ದರೆ ಅದಕ್ಕಿಂತಲೂ ಕಡಿಮೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿರುವುದನ್ನು ಮಗಳು ಹುಡುಕಿ ತೋರಿಸಿದಳು. ಮೊಬೈಲಿನಲ್ಲಿ ಅಳೆದು ನಿಮಗೆ ಕಳುಹಿಸೋಣ ಎಂದಳು. ಬೇಡವೆಂದೆ. ಮೊಬೈಲಿನ ಮೈಕು ಇಂಥ ಸದ್ದನ್ನು ಸರಿಯಾಗಿ ಹಿಡಿಯುವುದಿಲ್ಲ. ಅಲ್ಲದೆ ನೆರೆಹೊರೆಯವರ ನಡುವೆ ಅಳತೆಪಟ್ಟಿ ಹಿಡಿದು ಮಾತನಾಡುವುದು ನನಗೆ ಹಿಡಿಸದು.

ನಾನು ಕೇಳುವುದು ಇಷ್ಟು: ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ನಿಮ್ಮ ಸಂಗೀತ ನಮ್ಮ ಮಲಗುವ ಕೋಣೆಯಲ್ಲಿ ಕೇಳಿಸಬಾರದು. ವಾರದ ಏಳು ದಿನವೂ, ಶನಿವಾರವೂ ಸೇರಿ. ಹಗಲಿನಲ್ಲಿ, ಸಂಜೆಯಲ್ಲಿ ಎಷ್ಟು ಬೇಕಾದರೂ ಹಾಕಿಕೊಳ್ಳಿ, ನನ್ನ ತಕರಾರೇನೂ ಇಲ್ಲ. ನಿಮ್ಮ ಮನೆಯಲ್ಲಿ ವರ್ಷಕ್ಕೆ ಒಂದೆರಡು ಬಾರಿ ಹುಟ್ಟುಹಬ್ಬವೋ ಸ್ನೇಹಿತರ ಕೂಟವೋ ಇದ್ದರೆ ಎರಡು ದಿನ ಮೊದಲೇ ಒಂದು ಮಾತು ಹೇಳಿ. ಅಂದು ಅಪ್ಪನನ್ನು ಮುಂದಿನ ಕೋಣೆಯಲ್ಲಿ ಮಲಗಿಸುತ್ತೇನೆ, ಹನ್ನೊಂದೂವರೆಯವರೆಗೆ ನಾವೂ ಸಹಿಸಿಕೊಳ್ಳುತ್ತೇವೆ.

ವಾಲ್ಯೂಮ್ ಒಂದನ್ನೇ ತಗ್ಗಿಸಿದರೆ ಸಾಲದು ಎಂಬುದು ನನ್ನ ಅನುಭವ. ಕಳೆದ ಬಾರಿ ನೀವು ಅದನ್ನೇ ಮಾಡಿದ್ದಿರಿ ಎಂದು ಕಾಣುತ್ತದೆ. ಬೇಸ್ ಅನ್ನು ಬೇರೆಯಾಗಿಯೇ ಇಳಿಸಬೇಕು. ಕೆಲವು ಸ್ಪೀಕರ್‌ಗಳಲ್ಲಿ ಇದಕ್ಕೆಂದೇ ನೈಟ್ ಮೋಡ್ ಇರುತ್ತದೆ. ಪೆಟ್ಟಿಗೆಯನ್ನು ಗೋಡೆಯ ಮೂಲೆಯಿಂದ ಈಚೆಗೆ ತಂದು, ಅಡಿಯಲ್ಲಿ ದಪ್ಪ ರಬ್ಬರಿನದೋ ಫೋಮಿನದೋ ಹಾಸು ಇಟ್ಟರೆ ನೆಲಕ್ಕೆ ಇಳಿಯುವ ಕಂಪನ ಕಡಿಮೆಯಾಗುತ್ತದೆ. ಹತ್ತರ ನಂತರ ಹೆಡ್‌ಫೋನ್ ಹಾಕಿಕೊಂಡರಂತೂ ಮಾತೇ ಇಲ್ಲ.

ಈ ಭಾನುವಾರ ಸಂಜೆ ಐದಕ್ಕೆ ನಿಮಗೆ ಬಿಡುವಿದ್ದರೆ ಹೀಗೆ ಮಾಡೋಣ. ನೀವು ರಾತ್ರಿ ಹಾಕುವಷ್ಟೇ ಜೋರಾಗಿ ಹಾಡು ಹಾಕಿ. ನಿಮ್ಮಲ್ಲಿ ಒಬ್ಬರು ನಮ್ಮ ಕೋಣೆಗೆ ಬಂದು ನಿಂತು ಕೇಳಿ. ಇನ್ನೊಬ್ಬರು ಮೇಲೆ ಫೋನ್ ಹಿಡಿದುಕೊಂಡು ಇಲ್ಲಿ ಕೇಳಿಸದೆ ಹೋಗುವ ತನಕ ತಗ್ಗಿಸುತ್ತ ಬರಲಿ. ಆ ಮಟ್ಟಕ್ಕೆ ಒಂದು ಗುರುತು ಹಾಕಿಕೊಂಡರೆ ಮುಂದೆ ನಿಮಗೂ ಊಹೆ ಮಾಡುವ ಕಷ್ಟವಿಲ್ಲ, ನನಗೂ ಹೇಳುವ ಮುಜುಗರವಿಲ್ಲ. ಆ ಲೋಟವನ್ನು ಅಲ್ಲೇ ಇಟ್ಟಿರುತ್ತೇನೆ, ನೀವೇ ನೋಡಬಹುದು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ಪತ್ರದ ನಂತರವೂ ರಾತ್ರಿಯ ಸದ್ದು ಮುಂದುವರಿದರೆ ನಿವಾಸಿಗಳ ಸಂಘಕ್ಕೆ ಲಿಖಿತವಾಗಿ ತಿಳಿಸುವುದನ್ನು ಬಿಟ್ಟು ನನಗೆ ಬೇರೆ ದಾರಿ ಇರುವುದಿಲ್ಲ. ಅದು ನನಗೆ ಇಷ್ಟವಿಲ್ಲ. ಹಾಗೆ ಮಾಡಬೇಕಾಗಿ ಬಂದರೂ ನಿಮ್ಮ ಬೆನ್ನ ಹಿಂದೆ ಮಾಡುವುದಿಲ್ಲ, ಮೊದಲು ನಿಮಗೆ ಹೇಳಿಯೇ ಕೊಡುತ್ತೇನೆ.

ನಮ್ಮ ಕಡೆಯಿಂದಲೂ ನಿಮಗೆ ಕಿರಿಕಿರಿ ಆಗುತ್ತಿರಬಹುದು. ಬೆಳಗಿನ ಜಾವ ನಾನು ಹೊರಡುವಾಗ ಮುಂಬಾಗಿಲು ಧಡ್ ಎನ್ನುತ್ತಿತ್ತು. ಹೋದ ವಾರ ಚೌಕಟ್ಟಿಗೆ ರಬ್ಬರ್ ಪಟ್ಟಿ ಅಂಟಿಸಿದ್ದೇನೆ. ಈಗಲೂ ಕೇಳಿಸುತ್ತಿದ್ದರೆ ಸಂಕೋಚಪಡದೆ ಹೇಳಿ, ಸರಿಪಡಿಸುತ್ತೇನೆ.

ಭಾನುವಾರ ಆಗುತ್ತದೋ ಇಲ್ಲವೋ ಎಂಬುದನ್ನು ಶುಕ್ರವಾರದೊಳಗೆ ತಿಳಿಸಿದರೆ ಉಪಕಾರ. ಸಂಜೆ ನಾಲ್ಕರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.

ವಿಶ್ವಾಸದಿಂದ,
ನಿಮ್ಮ ಕೆಳಗಿನ ಮನೆಯವಳು

ಮರೆತಿದ್ದೆ: ನಿಮ್ಮದೊಂದು ನೀಲಿ ಟವೆಲು ಗಾಳಿಗೆ ಹಾರಿ ನಮ್ಮ ಬಾಲ್ಕನಿಗೆ ಬಿದ್ದಿದೆ. ಮಡಚಿ ಇಟ್ಟಿದ್ದೇನೆ, ಬಂದಾಗ ತೆಗೆದುಕೊಂಡು ಹೋಗಿ.