ಮೂರು ಲೇಬಲ್‌ಗೆ ನನ್ನ ರೇಟು

ಅಕ್ಕ ನಮಸ್ಕಾರ, ನಿನ್ನೆ ಫೋನಲ್ಲಿ ಮಾತಾಡಿದ್ದನ್ನೇ ಬರೆದು ಕಳಿಸ್ತಾ ಇದ್ದೇನೆ, ಆಮೇಲೆ ಇಬ್ಬರಿಗೂ ಗೊಂದಲ ಬೇಡ ಅಂತ. ಅಪ್ಪೆಮಿಡಿ ಉಪ್ಪಿನಕಾಯಿ 500 ಗ್ರಾಂ, ಮುರುಗಲು ಸಿರಪ್ 750 ಎಂಎಲ್, ಜೋನಿ ಬೆಲ್ಲ 1 ಕೆಜಿ, ಈ ಮೂರು ಲೇಬಲ್‌ಗೆ ಒಟ್ಟು 6,500 ರೂಪಾಯಿ ಆಗ್ತದೆ. ಮೊದಲನೇದಕ್ಕೆ 3,500, ಯಾಕಂದ್ರೆ ನಿಮ್ಮ ಹೆಸರಿನ ಅಕ್ಷರ, ಬಣ್ಣ, ಮಿಡಿಯ ಚಿತ್ರ ಎಲ್ಲ ಅದ್ರಲ್ಲೇ ಹುಟ್ಟಬೇಕು, ಅದು ಕೂತ್ಮೇಲೆ ಉಳಿದ ಎರಡಕ್ಕೆ ತಲಾ 1,500 ಸಾಕು. ಚಿತ್ರ ನಾನೇ ಕೈಯಲ್ಲಿ ಬಿಡಿಸ್ತೇನೆ, ನೆಟ್ಟಿಂದ ಎತ್ತಿದ ಮಾವಿನಕಾಯಿ ಫೋಟೋ ಹಾಕೋದಿಲ್ಲ. ಅಪ್ಪೆಮಿಡಿ ಬೇರೆ, ಮಾರ್ಕೆಟ್ ಮಾವು ಬೇರೆ, ತೊಟ್ಟು ನೋಡಿದ್ರೇ ನಮ್ಮ ಕಡೆಯವರಿಗೆ ಗೊತ್ತಾಗ್ತದೆ.

ಇದ್ರಲ್ಲಿ ಏನೇನು ಬರ್ತದೆ ಅಂದ್ರೆ, ಶುರುವಿಗೆ ಎರಡು ಮಾದರಿ ಕಳಿಸ್ತೇನೆ, ನೀವು ಒಂದನ್ನ ಆರಿಸಿದ್ಮೇಲೆ ಎರಡು ಸಲ ತಿದ್ದಿ ಕೊಡ್ತೇನೆ, ಕಡೆಗೆ ಪ್ರಿಂಟಿಗೆ ಹೋಗೋ ಪಿಡಿಎಫ್ ಮತ್ತೆ ವಾಟ್ಸಾಪಿಗೆ ಹಾಕ್ಲಿಕ್ಕೆ ಒಂದೊಂದು ಇಮೇಜು. ಮೂರನೇ ಸಲದಿಂದ ತಿದ್ದಿದ್ದಕ್ಕೆ ಪ್ರತಿ ಸಲ 400. ಅಕ್ಷರ ತಪ್ಪು ನನ್ನಿಂದ ಆಗಿದ್ರೆ ಅದು ಲೆಕ್ಕಕ್ಕಿಲ್ಲ, ಎಷ್ಟು ಸಲ ಆದ್ರೂ ಫ್ರೀ. ಇನ್ನೊಂದು, ಪ್ರಿಂಟಿಂಗ್ ಪ್ರೆಸ್ಸಿನ ಹಳೇ ಸಾಫ್ಟ್‌ವೇರಲ್ಲಿ ಕನ್ನಡ ಒತ್ತಕ್ಷರ ಒಡೆದು ಹೋಗೋದು ಬಹಳ, ಹಾಗಾಗಿ ಅಕ್ಷರ ಎಲ್ಲ ಔಟ್‌ಲೈನ್ ಮಾಡಿ ಕೊಡ್ತೇನೆ, ಅಲ್ಲಿ ಯಾರು ತೆರೆದ್ರೂ ಉಪ್ಪಿನಕಾಯಿ ಉಪ್ಪಿನಕಾಯಿಯಾಗೇ ಇರ್ತದೆ.

ಪ್ರಿಂಟಿಂಗ್ ಖರ್ಚು ಇದ್ರಲ್ಲಿ ಇಲ್ಲ, ಪ್ರೆಸ್ಸಿಗೆ ನೀವೇ ನೇರ ಕೊಡಿ, ನಡುವೆ ನಾನು ಕಮಿಷನ್ ಇಟ್ಕೊಳ್ಳೋದಿಲ್ಲ. ಆದ್ರೆ ಒಂದು ಮಾತು, ಉಪ್ಪಿನಕಾಯಿಗೆ ಕಾಗದದ ಸ್ಟಿಕರ್ ಬೇಡವೇ ಬೇಡ, ಎಣ್ಣೆ ಕೈ ತಾಗಿದ್ರೆ ವಾರದಲ್ಲಿ ಕಲೆ ಹತ್ತಿ ಓದ್ಲಿಕ್ಕೂ ಬರೋದಿಲ್ಲ, ಪ್ಲಾಸ್ಟಿಕ್ ಸ್ಟಿಕರ್‌ಗೆ ಲ್ಯಾಮಿನೇಶನ್ ಮಾಡಿಸಿ. ತಯಾರಿಸಿದ ತಾರೀಕು, ಬ್ಯಾಚ್ ನಂಬರ್ ಹಾಕೋ ಜಾಗಕ್ಕೆ ಮಾತ್ರ ಲ್ಯಾಮಿನೇಶನ್ ಬೇಡ ಅಂತ ಹೇಳಿ, ನುಣುಪು ಮೇಲೆ ಸ್ಟಾಂಪಿನ ಇಂಕು ಒಣಗದೆ ಒರೆಸಿ ಹೋಗ್ತದೆ.

ಬರಹದ ವಿಷಯ ನೀವೇ ಕೊಡ್ಬೇಕು: ಎಫ್‌ಎಸ್‌ಎಸ್‌ಎಐನ 14 ಅಂಕಿ ನಂಬರ್, ಏನೇನು ಹಾಕಿದ್ದೀರಿ ಅನ್ನೋದು ತೂಕದಲ್ಲಿ ಜಾಸ್ತಿ ಇರೋದ್ರಿಂದ ಕಮ್ಮಿಗೆ ಇಳಿಯೋ ಹಾಗೆ, ವಿಳಾಸ, ಗಿರಾಕಿ ಫೋನ್ ಮಾಡೋ ನಂಬರ್, ಎಷ್ಟು ದಿನ ಬಾಳಿಕೆ, ಎಮ್‌ಆರ್‌ಪಿ. ಹಸಿರು ಚುಕ್ಕೆ ನಾನು ಹಾಕ್ತೇನೆ, ಗ್ರಾಮಿಗೆ ಎಮ್‌ಎಲ್‌ಗೆ ಎಷ್ಟು ಬೀಳ್ತದೆ ಅನ್ನೋ ಲೆಕ್ಕನೂ ನಾನೇ ಹಾಕ್ತೇನೆ. ಪೌಷ್ಟಿಕಾಂಶದ ಅಂಕಿ ಲ್ಯಾಬ್ ರಿಪೋರ್ಟಿಂದ ಬರ್ಬೇಕು, ಬೇರೆಯವರ ಬಾಟ್ಲಿ ನೋಡಿ ಬರೆಯೋದಕ್ಕೆ ಆಗೋದಿಲ್ಲ ಅಕ್ಕ. ಸಿರಪ್ಪಿನ ಮೇಲೆ ಪಿತ್ತ ಗುಣ ಆಗ್ತದೆ ಅಂತ ಹಾಕಿ ಅಂದಿದ್ರಲ್ಲ, ಮನೇಲಿ ಎಲ್ಲರೂ ಅದಕ್ಕೇ ಕುಡಿಯೋದು ನಿಜ, ಆದ್ರೆ ತಿನ್ನೋ ವಸ್ತು ಮೇಲೆ ಕಾಯಿಲೆ ವಾಸಿ ಆಗ್ತದೆ ಅಂತ ಬರೆದ್ರೆ ಕಾನೂನಿಗೆ ತಪ್ಪು, ನಾಳೆ ಯಾರಾದ್ರೂ ದೂರು ಕೊಟ್ರೆ ಸಿಕ್ಕಿಬೀಳೋರು ನೀವು. ಅಪ್ಪೆಮಿಡಿಗೆ ಜಿಐ ಗುರುತು ಹಾಕೋದೂ ಹಾಗೇ, ಅದಕ್ಕೆ ನಿಮ್ಮ ಹೆಸರಲ್ಲಿ ಅಧಿಕೃತ ಬಳಕೆದಾರರ ನೋಂದಣಿ ಆಗಿರ್ಬೇಕು, ಆಗಿದ್ರೆ ಆ ಕಾಗದ ಕಳಿಸಿ ಖುಷಿಯಿಂದ ಹಾಕ್ತೇನೆ, ಇಲ್ಲಾಂದ್ರೆ ಈಗ ಬೇಡ.

ದುಡ್ಡು ಹೀಗೆ: ಶುರು ಮಾಡೋ ಮೊದ್ಲು ಅರ್ಧ, 3,250. ಉಳಿದ 3,250 ಫೈನಲ್ ಆಗಿದೆ ಅಂತ ನೀವು ಹೇಳಿದ ದಿನ, ಅದು ಬಂದ ಮೇಲೆ ಪ್ರಿಂಟಿನ ಫೈಲ್ ಕಳಿಸ್ತೇನೆ. ಇದೇ ನಂಬರಿಗೆ ಯುಪಿಐ ಮಾಡಿ. ಜಿಎಸ್‌ಟಿ ಇಲ್ಲ, ನನ್ನ ವ್ಯವಹಾರ ವರ್ಷಕ್ಕೆ 20 ಲಕ್ಷದ ಹತ್ರಕ್ಕೂ ಬರೋದಿಲ್ಲ, ಸಾದಾ ಬಿಲ್ ಕೊಡ್ತೇನೆ. ಮಾದರಿ ಕಳಿಸಿದ್ಮೇಲೆ ಕೆಲಸ ನಿಲ್ಸಿದ್ರೆ ಅಡ್ವಾನ್ಸ್ ವಾಪಸ್ ಬರೋದಿಲ್ಲ, ಅದಕ್ಕೆ ಮೊದ್ಲೇ ಬೇಡ ಅಂದ್ರೆ ಪೂರ್ತಿ ವಾಪಸ್. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಹೋದ ವರ್ಷ ಒಬ್ಬರಿಗೆ ಪರಿಚಯದ ಮೇಲೆ ಅಡ್ವಾನ್ಸ್ ಇಲ್ದೆ ಫೈಲ್ ಕೊಟ್ಟೆ, ಸ್ಟಿಕರ್ ಅಂಗಡಿಗೂ ಬಂತು, ದುಡ್ಡು ಬರ್ಲಿಲ್ಲ, ಅವತ್ತಿಂದ ಎಲ್ಲರಿಗೂ ಇದೇ ಕ್ರಮ.

ಅಡ್ವಾನ್ಸ್ ಮತ್ತೆ ಬರಹ ಎರಡೂ ಸಿಕ್ಕ ದಿನದಿಂದ 5 ದಿನಕ್ಕೆ ಮಾದರಿ, ನೀವು ಬೇಗ ಉತ್ತರ ಕೊಟ್ರೆ ಒಟ್ಟು 12 ದಿನ. ಮಳೆಗಾಲಕ್ಕೆ ಮೊದ್ಲು ಮುಗಿಸೋಣ, ಆಮೇಲೆ ಕರೆಂಟಿನ ಕಥೆ ನಿಮಗೇ ಗೊತ್ತು. ಈ ರೇಟು ಇವತ್ತಿಂದ 15 ದಿನದವರೆಗೆ.

ಒಪ್ಪಿಗೆ ಇದ್ರೆ ಇಲ್ಲೇ ಸರಿ ಅಂತ ಹಾಕಿ. ಮೂರೂ ತರದ ಒಂದೊಂದು ಖಾಲಿ ಬಾಟ್ಲಿ ಸಿದ್ದಾಪುರದಿಂದ ಯಾರಾದ್ರೂ ಶಿರಸಿಗೆ ಬರೋರ ಕೈಯಲ್ಲಿ ಕೊಟ್ಟು ಕಳಿಸಿ, ಹಳೇ ಬಸ್‌ಸ್ಟ್ಯಾಂಡಿಗೆ ನಾನೇ ಬಂದು ತಗೋತೇನೆ. ಆಗದಿದ್ರೆ ಬಾಟ್ಲಿಗೆ ಒಂದು ದಾರ ಸುತ್ತಿ, ಆ ದಾರ ಸ್ಕೇಲಿನ ಮೇಲಿಟ್ಟು ಫೋಟೋ ತೆಗೆದು ಹಾಕಿ, ಅಷ್ಟಿದ್ರೆ ಅಳತೆ ಹಿಡಿದು ಶುರು ಮಾಡ್ತೇನೆ.