ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಫೋನ್: ಲಾಭ ಹೇಳುವ ಲೈನ್, ಫೀಚರ್ ಹೇಳುವ ಲೈನ್

ಮೇಡಂ, ನಮಸ್ಕಾರ.

ನಿನ್ನೆಯ ಮೀಟಿಂಗ್‌ನಲ್ಲಿ ನಿಮ್ಮ ಇಂಜಿನಿಯರ್‌ಗಳು ಜಾಹೀರಾತಿನಲ್ಲಿ ಡೆಸಿಬಲ್ ದೊಡ್ಡದಾಗಿ ಬರಲಿ ಅಂದರು. ಸೇಲ್ಸ್‌ನವರು ಯಾರಿಗೆ ಬೇಕು ಡೆಸಿಬಲ್ ಅಂದರು. ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ಎರಡೂ ಬಗೆಯ ಲೈನ್ ಬರೆದು ಪಕ್ಕಪಕ್ಕ ಇಟ್ಟಿದ್ದೇನೆ, ನೋಡಿ.

ಸದ್ದು ಕಡಿಮೆ ಮಾಡುವುದು

ಫೀಚರ್: “35 ಡೆಸಿಬಲ್‌ವರೆಗೆ ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್.”

ಲಾಭ: “ರೈಲು ಸುರಂಗಕ್ಕೆ ಇಳಿಯಲಿ. ವಾಲ್ಯೂಮ್ ಏರಿಸೋದು ಬೇಡ.”

ನನ್ನ ಓಟು ಎರಡನೆಯದಕ್ಕೆ. ಬೆಂಗಳೂರು ಮೆಟ್ರೋದ ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್‌ವರೆಗೆ ರೈಲು ನೆಲದಡಿ ಓಡುತ್ತದೆ. ಅಲ್ಲಿ ಸದ್ದು ಜಾಸ್ತಿ, ಕೈ ತಾನಾಗಿಯೇ ವಾಲ್ಯೂಮ್ ಬಟನ್‌ಗೆ ಹೋಗುತ್ತದೆ. ಪೋಸ್ಟರ್ ಕೂಡ ಅದೇ ಸ್ಟೇಶನ್‌ಗಳಲ್ಲಿ ಇರುತ್ತದೆ ಅಲ್ವಾ? 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ಅನಿಸುತ್ತದೆ. ಇದನ್ನು ವಿವರಿಸಲು ಪೋಸ್ಟರ್‌ನಲ್ಲಿ ಜಾಗವಿಲ್ಲ, ಓದುವವರಿಗೆ ಪುರುಸೊತ್ತೂ ಇಲ್ಲ. ಹಾಗಂತ ನಂಬರ್ ಬಿಸಾಕುವುದು ಬೇಡ. ಕೆಳಗೆ ಸಣ್ಣ ಅಕ್ಷರದಲ್ಲಿ ಇರಲಿ, “ವರೆಗೆ” ಅನ್ನುವ ಪದದ ಸಮೇತ. ಎಲ್ಲ ಬಗೆಯ ಸದ್ದೂ 35 ಡೆಸಿಬಲ್ ಇಳಿಯುವುದಿಲ್ಲ.

ನಿಮ್ಮ ತಂಡದಿಂದ ಬಂದ “ಕಿವಿಗೆ ಹಾಕಿ, ಊರೇ ಸೈಲೆಂಟ್” ಕೇಳಲು ಮಜವಾಗಿದೆ, ಆದರೆ ಸುಳ್ಳು. ಮೈಕ್ ಹೊರಗಿನ ಸದ್ದನ್ನು ಹಿಡಿಯುತ್ತದೆ, ಇಯರ್‌ಫೋನ್ ಅದಕ್ಕೆ ತಲೆಕೆಳಗಾದ ಅಲೆಯನ್ನು ಬಿಡುತ್ತದೆ, ಎರಡೂ ಸೇರಿ ತಣ್ಣಗಾಗುತ್ತವೆ. ಇಂಜಿನ್, ಎಸಿ, ಫ್ಯಾನ್‌ನಂಥ ಒಂದೇ ಸಮನೆ ಗುಂಯ್‌ಗುಡುವ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ದಿಢೀರನೆ ಬಂದ ಹಾರ್ನ್‌ಗೆ, ಪಕ್ಕದವರ ಹರಟೆಗೆ ಅಷ್ಟಾಗಿ ಇಲ್ಲ. ಕೊಂಡವರು ಮೊದಲ ಸಿಗ್ನಲ್‌ನಲ್ಲೇ ಬೈಯುತ್ತಾರೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ದಂಡವೂ ಇದೆ.

ಕಾಲ್ ಮಾಡುವಾಗ

ಫೀಚರ್: “4 ಮೈಕ್, ಇಎನ್‌ಸಿ ತಂತ್ರಜ್ಞಾನ.”

ಲಾಭ: “ಬಸ್‌ಸ್ಟ್ಯಾಂಡಿಂದ ಮಾತಾಡಿ. ಅಮ್ಮ ‘ಹಾಂ? ಏನು?’ ಅನ್ನಲ್ಲ.”

ಬ್ರೀಫ್‌ನಲ್ಲಿ ಎಎನ್‌ಸಿ, ಇಎನ್‌ಸಿ ಎರಡನ್ನೂ ಒಂದೇ ಸಾಲಿಗೆ ತುರುಕಿದ್ದಾರೆ. ಎರಡೂ ಬೇರೆ. ಮೊದಲನೆಯದು ನನ್ನ ಕಿವಿಗೆ ಬರುವ ಗದ್ದಲ ಇಳಿಸುತ್ತದೆ. ಎರಡನೆಯದು ಫೋನಿನ ಆ ಕಡೆ ಇರುವವರಿಗೆ ನನ್ನ ಸುತ್ತಲಿನ ಗದ್ದಲ ಹೋಗದಂತೆ ನೋಡಿಕೊಳ್ಳುತ್ತದೆ. ಅಂದರೆ ಲಾಭ ಸಿಗುವುದು ಅಮ್ಮನಿಗೆ! ಫೀಚರ್ ಲೈನ್ ಓದಿದರೆ ಇದು ಯಾರಿಗೂ ತಿಳಿಯುವುದಿಲ್ಲ. ಲಾಭದ ಲೈನ್‌ನಲ್ಲಿ ಅಮ್ಮ ಬಂದ ಕೂಡಲೇ ತಿಳಿಯುತ್ತದೆ. ಇಡೀ ಪಟ್ಟಿಯಲ್ಲಿ ನನಗೆ ಇಷ್ಟವಾದದ್ದು ಇದೇ. ಆದರೆ ಪ್ರಿಂಟ್‌ಗೆ ಕೊಡುವ ಮುಂಚೆ ಯಾರಾದರೂ ನಿಜವಾಗಿ ಮೆಜೆಸ್ಟಿಕ್‌ಗೆ ಹೋಗಿ, ಮನೆಗೆ ಫೋನ್ ಮಾಡಿ ನೋಡಲಿ. ಮನೆಯವರು “ಹಾಂ?” ಅಂದರೆ ಲೈನ್ ವಾಪಸ್.

ಬ್ಯಾಟರಿ

ಫೀಚರ್: “ಎಎನ್‌ಸಿ ಆನ್ ಇದ್ದರೂ, ಕೇಸ್ ಸೇರಿ 28 ಗಂಟೆ.”

ಲಾಭ: “ಸೋಮವಾರ ಚಾರ್ಜ್ ಮಾಡಿ. ಶನಿವಾರದವರೆಗೆ ಮರೆತುಬಿಡಿ.”

ಇಲ್ಲಿ ಫೀಚರ್ ಗೆಲ್ಲುತ್ತದೆ. ಗಂಟೆ ಎಲ್ಲರಿಗೂ ಗೊತ್ತು, ಬಿಡಿಸಿ ಹೇಳಬೇಕಿಲ್ಲ. “ಮರೆತುಬಿಡಿ” ಅಂದರೆ ದಿನಕ್ಕೆ ಎಂಟು ಗಂಟೆ ಮೀಟಿಂಗ್‌ನಲ್ಲಿ ಕೂರುವವರು ಗುರುವಾರವೇ ಜಗಳಕ್ಕೆ ಬರುತ್ತಾರೆ. ಬ್ರೀಫ್‌ನಲ್ಲಿದ್ದ 40 ಗಂಟೆ ಎಎನ್‌ಸಿ ಆಫ್ ಇದ್ದಾಗಿನದು. ಸದ್ದು ತಡೆಯುವ ಇಯರ್‌ಫೋನ್ ಮಾರುತ್ತಾ, ಅದನ್ನು ಆಫ್ ಮಾಡಿ ಬಂದ ಲೆಕ್ಕ ತೋರಿಸೋದು ಚೆನ್ನಾಗಿರಲ್ಲ.

ನೀರು

“ಐಪಿಎಕ್ಸ್4” ಬದಲು “ಬೆವರಿಗೂ ಸರಿ, ತುಂತುರಿಗೂ ಸರಿ.” ಅಷ್ಟು ಸಾಕು. ಜೋರು ಮಳೆ ಅಂತ ಬರೆಯಬೇಡಿ, 4 ಅಂದರೆ ಎರಚಲಿಗೆ ಮಾತ್ರ. ಬ್ಲೂಟೂತ್ 5.3ಕ್ಕೆ ಲಾಭದ ಲೈನ್ ಹುಡುಕಿ ಸುಸ್ತಾದೆ. ಅದು ಡಬ್ಬಿಯ ಹಿಂಬದಿಯಲ್ಲೇ ಇರಲಿ.

ಮೆಟ್ರೋ ಪೋಸ್ಟರ್‌ಗೆ ಸುರಂಗದ ಲೈನ್, ರೇಡಿಯೋಗೆ ಅಮ್ಮನ ಲೈನ್. ಶಾಪಿಂಗ್ ಸೈಟ್‌ನ ಪೇಜ್‌ಗೆ ಮಾತ್ರ ಫೀಚರ್ ಮುಂದೆ. ಅಲ್ಲಿಗೆ ಬರುವವರು ಆಗಲೇ ನಾಲ್ಕು ಮಾಡೆಲ್ ತೆರೆದಿಟ್ಟುಕೊಂಡು ₹2,999ಕ್ಕೆ ಯಾವುದರಲ್ಲಿ ಏನಿದೆ ಅಂತ ಲೆಕ್ಕ ಹಾಕುತ್ತಿರುತ್ತಾರೆ. ಅವರಿಗೆ ಸುರಂಗದ ಕಥೆ ಬೇಡ, 35 ಮತ್ತು 28 ಬೇಕು.

ಲೇಔಟ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ಬೈಕ್ ಓಡಿಸುವ ಹುಡುಗನನ್ನು ದಯವಿಟ್ಟು ತೆಗೆಸಿ. ಹಾರ್ನ್ ಕೇಳಿಸದವನನ್ನು ತೋರಿಸಿ ನಾವು ಏನು ಮಾರಿದ ಹಾಗಾಯಿತು?

ಹುಬ್ಬಳ್ಳಿಯ ಪೋಸ್ಟರ್‌ಗೂ ಸುರಂಗದ ಲೈನೇ ಹೋಗಿದೆ. ಅಲ್ಲಿ ಮೆಟ್ರೋ ಎಲ್ಲಿದೆ? ಅದರ ಬದಲು ಇದು: “ರಾತ್ರಿ ಬಸ್ಸಿನ ಇಂಜಿನ್ ಗುಂಯ್ ಅನ್ನಲಿ. ನೀವು ನಿದ್ದೆ ಮಾಡಿ.” ಗುರುವಾರ ಸಂಜೆಯೊಳಗೆ ಓಕೆ ಅಂದರೆ ಶುಕ್ರವಾರ ಪ್ರಿಂಟ್‌ಗೆ ಕೊಡುತ್ತೇನೆ.