ಅಜ್ಜಿಯವರು ಒಂದು ವಾರದಲ್ಲಿ ತಿಂದ ಪ್ಯಾಕೆಟ್ ಪದಾರ್ಥಗಳ ವಿವರ: ವೈದ್ಯರಿಗೆ ಪತ್ರ

ಇಂದ:
ಮಹಾದೇವಿ
ಗಂಗವ್ವ ಅಜ್ಜಿಯವರ ಆರೈಕೆ ಮಾಡುವವರು
ಸೋಲಾಪುರ ರಸ್ತೆ, ವಿಜಯಪುರ

ಗೆ:
ಮಾನ್ಯ ಹೃದ್ರೋಗ ತಜ್ಞ ವೈದ್ಯರು
ವಿಜಯಪುರ

ದಿನಾಂಕ: 21-01-2025

ವಿಷಯ: ಜನವರಿ 13ರಿಂದ 19ರವರೆಗೆ ಅಜ್ಜಿಯವರು ತಿಂದ ಪ್ಯಾಕೆಟ್ ಪದಾರ್ಥಗಳು ಮತ್ತು ಅವುಗಳ ಲೇಬಲ್ಲಿನಲ್ಲಿರುವ ಸೋಡಿಯಂ ಲೆಕ್ಕ.

ಮಾನ್ಯರೇ,

ಸಾದರ ನಮಸ್ಕಾರಗಳು. ಗಂಗವ್ವ ಅಜ್ಜಿಯವರನ್ನು (ವಯಸ್ಸು 76) ಕಳೆದ ಬಾರಿ ತಮ್ಮಲ್ಲಿಗೆ ಕರೆತಂದಾಗ, ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು, ಅಂದರೆ 2000 ಮಿ.ಗ್ರಾಂ ಸೋಡಿಯಂ ದಾಟಬಾರದು ಎಂದು ತಾವು ಬರೆದುಕೊಟ್ಟಿದ್ದಿರಿ. ಮನೆಯ ಅಡುಗೆಗೆ ಉಪ್ಪು ಕಡಿಮೆ ಮಾಡಿದ್ದೇವೆ ಎಂದು ನಾನು ಹೇಳಿದಾಗ, ಪ್ಯಾಕೆಟ್ಟಿನಿಂದ ತಿನ್ನುವುದನ್ನೆಲ್ಲ ಒಂದು ವಾರ ಬರೆದಿಡಲು ಸೂಚಿಸಿದ್ದಿರಿ. ಆ ಪ್ರಕಾರ ಬರೆದಿಟ್ಟ ಲೆಕ್ಕವನ್ನು ಕೆಳಗೆ ಒಪ್ಪಿಸುತ್ತಿದ್ದೇನೆ. ಬರೆಯುವ ಮೊದಲು ಪ್ಯಾಕೆಟ್ಟುಗಳಿಂದ ಅಲ್ಪಸ್ವಲ್ಪ ಉಪ್ಪು ಹೋಗುತ್ತಿರಬಹುದು ಎಂದುಕೊಂಡಿದ್ದೆ. ಬರೆದ ಮೇಲೆ ನೋಡಿದರೆ, ದಿನಕ್ಕೆ ಸರಾಸರಿ 2145 ಮಿ.ಗ್ರಾಂ ಸೋಡಿಯಂ ಬರೀ ಪ್ಯಾಕೆಟ್ಟುಗಳಿಂದಲೇ ಅವರ ಹೊಟ್ಟೆ ಸೇರಿದೆ.

ಅಜ್ಜಿಯವರ ಪಲ್ಯ ಮತ್ತು ಸಾರಿಗೆ ನಾನು ಬೇರೆ ಪಾತ್ರೆ ಇಟ್ಟಿದ್ದೇನೆ. ಬೆಳಿಗ್ಗೆಯೇ ಎರಡೂವರೆ ಗ್ರಾಂ ಉಪ್ಪನ್ನು ತೂಗಿ ಸಣ್ಣ ಡಬ್ಬಿಯಲ್ಲಿ ಹಾಕಿಟ್ಟು, ದಿನವಿಡೀ ಅದರಿಂದಲೇ ಅಡುಗೆ ಮಾಡುತ್ತೇನೆ. ಅದರಿಂದ ಸುಮಾರು 1000 ಮಿ.ಗ್ರಾಂ ಸೋಡಿಯಂ ಆಗುತ್ತದೆ. ಆದ್ದರಿಂದ ಪ್ಯಾಕೆಟ್ ಪದಾರ್ಥಗಳಿಗೆ ಉಳಿಯುವುದು ಇನ್ನೊಂದು 1000 ಮಾತ್ರ ಎಂದು ಹಿಡಿದು ಈ ಕೆಳಗಿನದನ್ನು ಓದಬೇಕಾಗಿ ವಿನಂತಿ.

ಎಲ್ಲಕ್ಕಿಂತ ಹೆಚ್ಚು ಸೋಡಿಯಂ ಬಂದದ್ದು ಮಾವಿನಕಾಯಿ ಉಪ್ಪಿನಕಾಯಿಯಿಂದ. ಬಾಟಲಿಯ ಲೇಬಲ್ಲಿನಲ್ಲಿ 100 ಗ್ರಾಂಗೆ 5600 ಮಿ.ಗ್ರಾಂ ಸೋಡಿಯಂ ಎಂದಿದೆ. ಅದರ ಪಕ್ಕದ ಸಾಲಿನಲ್ಲಿ ಒಂದು ಬಾರಿಯ ಪ್ರಮಾಣ 10 ಗ್ರಾಂ ಎಂದು ಹಿಡಿದು 560 ಎಂದು ಅಚ್ಚು ಹಾಕಿದ್ದಾರೆ. ಮೊದಲ ದಿನ ನಾನು ಆ 560ನ್ನೇ ಬರೆದುಕೊಂಡಿದ್ದೆ. ಆಮೇಲೆ ಸಂಶಯ ಬಂದು, ಅಜ್ಜಿಯವರು ತಮ್ಮ ಚಮಚದಿಂದ ಹಾಕಿಕೊಂಡಷ್ಟನ್ನು ಸಣ್ಣ ತಕ್ಕಡಿಯ ಮೇಲಿಟ್ಟು ನೋಡಿದಾಗ 15 ಗ್ರಾಂ ತೂಗಿತು. ಹೋಳು ಒಂದೇ ಇದ್ದರೂ, ಅದರ ಸುತ್ತಲಿನ ಖಾರ ಮತ್ತು ಎಣ್ಣೆಯನ್ನು ರೊಟ್ಟಿಯ ಚೂರಿನಿಂದ ಒರೆಸಿ ಒರೆಸಿ ತಿನ್ನುವುದು ಅವರ ರೂಢಿ. ಹಾಗಾಗಿ ಒಂದು ಊಟಕ್ಕೆ 840 ಮಿ.ಗ್ರಾಂ ಹಿಡಿಯಬೇಕು. ಸೋಮವಾರದಿಂದ ಬುಧವಾರದವರೆಗೆ ದಿನಕ್ಕೆರಡು ಬಾರಿ ಹೀಗೆ ತಿಂದಿದ್ದಾರೆ. ಗುರುವಾರ ತಾವು ಫೋನಿನಲ್ಲಿ ಉಪ್ಪಿನಕಾಯಿ ನಿಲ್ಲಿಸಲು ಹೇಳಿದಿರಿ. ಅದನ್ನು ಪೂರ್ತಿ ನಿಲ್ಲಿಸಲು ನನ್ನಿಂದ ಆಗಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. "ಉಪ್ಪಿನಕಾಯಿ ಇಲ್ದ ರೊಟ್ಟಿ ಗಂಟಲಾಗ ಇಳಿಯಂಗಿಲ್ಲವ್ವಾ" ಎಂದು ಆ ಮಧ್ಯಾಹ್ನ ತಾಟನ್ನೇ ದೂಡಿದರು. ಕಡೆಗೆ ಹೋಳನ್ನು ಎಣ್ಣೆಯಿಂದ ತೆಗೆದು, 5 ಗ್ರಾಂ ತೂಗಿ, ದಿನಕ್ಕೊಮ್ಮೆ ಮಾತ್ರ ಎಂದು ಒಪ್ಪಂದ ಮಾಡಿಕೊಂಡೆವು. ಅದು 280 ಮಿ.ಗ್ರಾಂ. ವಾರಕ್ಕೆ ಉಪ್ಪಿನಕಾಯಿ ಒಂದರಿಂದಲೇ 6160 ಮಿ.ಗ್ರಾಂ ಆಗಿದೆ.

ಉದ್ದಿನ ಹಪ್ಪಳದ ಪ್ಯಾಕೆಟ್ 200 ಗ್ರಾಂನದು, ಅದರಲ್ಲಿ 16 ಹಪ್ಪಳಗಳಿವೆ. 100 ಗ್ರಾಂಗೆ 2100 ಮಿ.ಗ್ರಾಂ ಸೋಡಿಯಂ ಇರುವುದರಿಂದ ಒಂದು ಹಪ್ಪಳಕ್ಕೆ ಸುಮಾರು 262 ಆಗುತ್ತದೆ. ಕರಿಯದೆ ಕೆಂಡದ ಮೇಲೆ ಸುಟ್ಟು ಕೊಟ್ಟರೆ ಒಳ್ಳೆಯದು ಎಂದು ನಾನು ತಿಳಿದಿದ್ದೆ. ಎಣ್ಣೆಯ ಮಟ್ಟಿಗೆ ಅದು ಸರಿ, ಆದರೆ ಸುಡುವುದರಿಂದ ಉಪ್ಪೇನೂ ಕಡಿಮೆಯಾಗುವುದಿಲ್ಲ. ಲೇಬಲ್ಲಿನಲ್ಲಿ ಉಪ್ಪಿನ ಜೊತೆಗೆ ಹಪ್ಪಳ ಖಾರ ಎಂದು ಬರೆದಿದ್ದಾರೆ, ಅದೂ ಸೋಡಿಯಂ ಇರುವ ಕ್ಷಾರವೇ ಎಂದು ಔಷಧಿ ಅಂಗಡಿಯವರು ತಿಳಿಸಿದರು. ವಾರದಲ್ಲಿ ಒಟ್ಟು ಒಂಬತ್ತು ಹಪ್ಪಳ ತಿಂದಿದ್ದಾರೆ, 2362 ಮಿ.ಗ್ರಾಂ.

ಮೂರನೆಯದನ್ನು ಬರೆಯಲು ಸಂಕೋಚವಾಗುತ್ತದೆ, ಏಕೆಂದರೆ ಅದನ್ನು ಕೊಟ್ಟವಳು ನಾನೇ. ಹೊಟ್ಟೆಯುಬ್ಬರ ಎಂದಾಗ ನೀರಿಗೆ ಹಾಕಿದರೆ ಬುಸ್ಸೆಂದು ನೊರೆ ಬರುವ 5 ಗ್ರಾಂ ಪುಡಿಯ ಸಣ್ಣ ಪ್ಯಾಕೆಟ್ಟನ್ನು ಸೋಮವಾರ, ಬುಧವಾರ ಮತ್ತು ಶನಿವಾರ ರಾತ್ರಿ ಕೊಟ್ಟಿದ್ದೇನೆ. ಔಷಧಿಯೆಂದು ಮಾರುವುದರಿಂದ ಅದರ ಮೇಲೆ ತಿನಿಸುಗಳಿಗಿರುವಂತೆ ಪೌಷ್ಟಿಕಾಂಶದ ಪಟ್ಟಿ ಇಲ್ಲ, ಸೋಡಿಯಂ ಎಂಬ ಸಾಲೂ ಇಲ್ಲ. 'ಸ್ವರ್ಜಿಕ್ಷಾರ 2.3 ಗ್ರಾಂ' ಎಂದಷ್ಟೇ ಇದೆ. ಆ ಶಬ್ದ ನನಗೆ ತಿಳಿಯದೆ ಭಾನುವಾರ ಔಷಧಿ ಅಂಗಡಿಯಲ್ಲಿ ಕೇಳಿದೆ. ಅದು ಅಡಿಗೆ ಸೋಡಾವೇ, ಅದರ ತೂಕದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಸೋಡಿಯಂ ಇರುತ್ತದೆ ಎಂದರು. ಆ ಲೆಕ್ಕದಲ್ಲಿ ಒಂದು ಪ್ಯಾಕೆಟ್ಟಿಗೆ 630, ಮೂರಕ್ಕೆ 1890 ಮಿ.ಗ್ರಾಂ. ರುಚಿಯಲ್ಲಿ ಉಪ್ಪೇ ಇಲ್ಲದ ಕಾರಣ ಇದರ ಮೇಲೆ ನನಗೆ ಸಂಶಯವೇ ಬಂದಿರಲಿಲ್ಲ. ಇನ್ನು ಕೊಡುವುದಿಲ್ಲ. ಹೊಟ್ಟೆಯುಬ್ಬರಕ್ಕೆ ಬೇರೆ ಏನು ಕೊಡಬೇಕೆಂದು ದಯವಿಟ್ಟು ತಿಳಿಸಬೇಕು.

ಮಸಾಲೆ ಮಜ್ಜಿಗೆಯ 200 ಮಿ.ಲೀ. ಪ್ಯಾಕೆಟ್ಟಿನಲ್ಲಿ 100 ಮಿ.ಲೀ.ಗೆ 220 ಮಿ.ಗ್ರಾಂನಂತೆ 440 ಮಿ.ಗ್ರಾಂ ಇದೆ. ಗುರುವಾರ ತಾವು ಹೇಳುವ ಮೊದಲು ಆ ದಿನದ್ದು ಕುಡಿದಾಗಿತ್ತು, ಆದ್ದರಿಂದ ನಾಲ್ಕು ಪ್ಯಾಕೆಟ್ಟಿಗೆ 1760. ಈಗ ಮನೆಯ ಮಜ್ಜಿಗೆಗೆ ಜೀರಿಗೆ ಪುಡಿ ಮತ್ತು ಕೊತ್ತಂಬರಿ ಹಾಕಿ ಉಪ್ಪಿಲ್ಲದೆ ಕೊಡುತ್ತಿದ್ದೇನೆ. ಇದಕ್ಕೆ ಮಾತ್ರ ತಕರಾರಿಲ್ಲ.

ಚಹಾದ ಜೊತೆ ತಿನ್ನುವ ಟೋಸ್ಟ್ ಸಿಹಿಯಾಗಿದ್ದರೂ 100 ಗ್ರಾಂಗೆ 420 ಮಿ.ಗ್ರಾಂ ಸೋಡಿಯಂ ಹೊಂದಿದೆ. 200 ಗ್ರಾಂ ಪ್ಯಾಕೆಟ್ಟಿನಲ್ಲಿ 20 ಟೋಸ್ಟ್, ಅಂದರೆ ಒಂದಕ್ಕೆ 42. ಬೆಳಿಗ್ಗೆ ಮೂರು ಮತ್ತು ಸಂಜೆ ಎರಡು ತಿನ್ನುವುದರಿಂದ ದಿನಕ್ಕೆ 210, ವಾರಕ್ಕೆ 1470. ಉಪ್ಪು ಬಿಸ್ಕಿಟ್ ಮೂರು ದಿನ ನಾಲ್ಕು ನಾಲ್ಕರಂತೆ, ಒಟ್ಟು 324. ಮೊಮ್ಮಗ ತಂದ ಶೇವಿನ 35 ಗ್ರಾಂ ಪ್ಯಾಕೆಟ್ ಎರಡು, ಒಟ್ಟು 630. ಶನಿವಾರ ರಾತ್ರಿ ಅವನು ಮಾಡಿಕೊಂಡ ನೂಡಲ್ಸಿನಲ್ಲಿ ಅಜ್ಜಿಯವರೂ ಅರ್ಧ ಹಂಚಿಕೊಂಡರು, 420. ನೂಡಲ್ಸಿನ ಒಳಗಿನ ಮಸಾಲೆ ಚೀಟಿಯನ್ನು ಪೂರ್ತಿ ಹಾಕದಿರಲು ಅವನಿಗೆ ಹೇಳಿದ್ದೇನೆ. ಕಾಲೇಜಿನ ಹುಡುಗ, ಎಷ್ಟು ನೆನಪಿಡುತ್ತಾನೋ ಗೊತ್ತಿಲ್ಲ.

ಇವಿಷ್ಟೂ ಸೇರಿ ವಾರಕ್ಕೆ 15,016 ಮಿ.ಗ್ರಾಂ ಆಗುತ್ತದೆ. ಸರಾಸರಿಗಿಂತ ದಿನದಿನದ ಲೆಕ್ಕ ತಮಗೆ ಹೆಚ್ಚು ಉಪಯೋಗವಾಗಬಹುದೆಂದು ಎರಡು ದಿನಗಳನ್ನು ಪ್ರತ್ಯೇಕ ತಿಳಿಸುತ್ತೇನೆ. ಬುಧವಾರ ಉಪ್ಪಿನಕಾಯಿ ಎರಡು ಬಾರಿ, ಹಪ್ಪಳ ಎರಡು, ಮಜ್ಜಿಗೆ, ಟೋಸ್ಟ್ ಮತ್ತು ರಾತ್ರಿಯ ಸೋಡಾ ಪುಡಿ ಸೇರಿ ಪ್ಯಾಕೆಟ್ಟಿನದೇ 3485 ಮಿ.ಗ್ರಾಂ ಆಗಿತ್ತು. ಭಾನುವಾರ ಟೋಸ್ಟ್, ಒಂದು ಹಪ್ಪಳ ಮತ್ತು ತೂಗಿದ ಉಪ್ಪಿನಕಾಯಿ ಮಾತ್ರ, 752. ಅವರ ತೂಕವೂ ಇದನ್ನೇ ತೋರಿಸುತ್ತದೆ. ಬೆಳಿಗ್ಗೆ ಶೌಚ ಮುಗಿಸಿ, ಚಹಾಕ್ಕೆ ಮೊದಲು ತೂಗಿದಾಗ ಸೋಮವಾರ 57.6 ಕೆ.ಜಿ. ಇದ್ದವರು ಗುರುವಾರ 58.9 ಆಗಿದ್ದರು. ಆ ಬೆಳಿಗ್ಗೆ ರಕ್ತದೊತ್ತಡ 164/92 ಇತ್ತು, ಕಾಲುಂಗುರ ಬೆರಳಿನಲ್ಲಿ ಒತ್ತಿಕೊಂಡು ತಿರುಗದಂತಾಗಿತ್ತು, ಹಿಂದಿನ ರಾತ್ರಿ ಎರಡು ದಿಂಬು ಬೇಕಾಗಿದ್ದವು. ಆದ ಕಾರಣವೇ ತಮಗೆ ಫೋನ್ ಮಾಡಿದ್ದು. ನಿನ್ನೆ, 20ರಂದು, ತೂಕ 58.1 ಮತ್ತು ರಕ್ತದೊತ್ತಡ 148/86 ಇತ್ತು. ಉಂಗುರ ಈಗ ತಿರುಗುತ್ತದೆ, ಆದರೆ ಸಂಜೆಯ ಹೊತ್ತಿಗೆ ಪಾದ ಒತ್ತಿದರೆ ಗುಳಿ ಬೀಳುವುದು ಇನ್ನೂ ಇದೆ.

ಲೆಕ್ಕಕ್ಕೆ ಸಿಗದವುಗಳೂ ಇವೆ. ಶೇಂಗಾ ಚಟ್ನಿಯ ಪ್ಯಾಕೆಟ್ ನಮ್ಮ ಓಣಿಯ ಮಹಿಳೆಯರು ಮಾಡಿ ಮಾರುವುದು. ಚೀಟಿಯ ಮೇಲೆ ಶೇಂಗಾ, ಬಳ್ಳೊಳ್ಳಿ, ಕೆಂಪು ಖಾರ, ಜೀರಿಗೆ, ಉಪ್ಪು ಎಂದಿದೆಯೇ ಹೊರತು ಪ್ರಮಾಣವಿಲ್ಲ. ಒಂದು ಕಿಲೋಕ್ಕೆ ಎಷ್ಟು ಉಪ್ಪು ಹಾಕುತ್ತೀರಿ ಎಂದು ಮಾಡುವವರನ್ನೇ ಕೇಳಿದೆ. "ಕೈಯಾಗಿನ ಅಂದಾಜರೀ, ತೂಗಿ ಯಾರ ಹಾಕ್ತಾರ" ಎಂದು ನಕ್ಕರು. ಸಂಕ್ರಾಂತಿಯ ದಿನ ಸಿದ್ಧೇಶ್ವರ ಜಾತ್ರೆಯಿಂದ ಪಕ್ಕದ ಮನೆಯವರು ತಂದ ಮೆಣಸಿನಕಾಯಿ ಭಜಿಯಲ್ಲಿ ಎರಡನ್ನು ಅಜ್ಜಿಯವರು ತಿಂದಿದ್ದಾರೆ. ಆದ್ದರಿಂದ ನಿಜವಾದ ಮೊತ್ತ ನಾನು ಬರೆದದ್ದಕ್ಕಿಂತ ಹೆಚ್ಚೇ ಇರುತ್ತದೆ.

ಇನ್ನೊಂದು ವಿಷಯದಲ್ಲಿ ತಮ್ಮ ಅಪ್ಪಣೆ ಬೇಕಾಗಿದೆ. ಅಜ್ಜಿಯವರ ಮಗ ಪುಣೆಯಿಂದ ಕಡಿಮೆ ಸೋಡಿಯಂ ಉಪ್ಪಿನ ಪ್ಯಾಕೆಟ್ ಕಳಿಸಿದ್ದಾರೆ. ಮುಂದೆ ದೊಡ್ಡ ಅಕ್ಷರದಲ್ಲಿ ರಕ್ತದೊತ್ತಡದವರಿಗೆ ಒಳ್ಳೆಯದೆಂಬ ಅರ್ಥದ ಮಾತಿದೆ. ಹಿಂದೆ ಸಣ್ಣ ಅಕ್ಷರದಲ್ಲಿ ಪೊಟ್ಯಾಷಿಯಂ ಕ್ಲೋರೈಡ್ ಎಂದಿದೆ. ಅಜ್ಜಿಯವರಿಗೆ ಟೆಲ್ಮಿಸಾರ್ಟನ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಎರಡೂ ನಡೆಯುತ್ತಿವೆ, ಈ ಗುಳಿಗೆಗಳಿರುವವರ ರಕ್ತದಲ್ಲಿ ಪೊಟ್ಯಾಷಿಯಂ ಏರಬಹುದು ಎಂದು ತಾವೇ ಒಮ್ಮೆ ಎಚ್ಚರಿಸಿದ್ದು ನೆನಪಿದೆ. ಹಾಗಾಗಿ ಪ್ಯಾಕೆಟ್ಟನ್ನು ಒಡೆಯದೆ ಇಟ್ಟಿದ್ದೇನೆ. ಬಳಸಬೇಡಿ ಎಂದಾದರೆ ಚೀಟಿಯಲ್ಲಿ ಒಂದು ಸಾಲು ಬರೆದುಕೊಡಬೇಕು. ನನ್ನ ಮಾತಿಗಿಂತ ತಮ್ಮ ಅಕ್ಷರಕ್ಕೆ ಅವರ ಮಗ ಬೆಲೆ ಕೊಡುತ್ತಾರೆ. ಸಂಬಂಧಿಕರೊಬ್ಬರು ಸೈಂಧವ ಉಪ್ಪಾದರೆ ಎಷ್ಟು ತಿಂದರೂ ನಡೆಯುತ್ತದೆ ಎಂದಿದ್ದರು. ಅದರ ಲೇಬಲ್ ನೋಡಿದೆ, 100 ಗ್ರಾಂಗೆ 38,000 ಮಿ.ಗ್ರಾಂ ಸೋಡಿಯಂ. ನಾವು ಬಳಸುವ ಪುಡಿ ಉಪ್ಪಿಗೂ ಅದಕ್ಕೂ ಹೇಳುವಂಥ ವ್ಯತ್ಯಾಸವಿಲ್ಲ, ಆದ್ದರಿಂದ ಅದನ್ನು ತರಿಸಲಿಲ್ಲ.

ಈ ವಾರದಿಂದ ಹಪ್ಪಳ, ಶೇವು, ನೂಡಲ್ಸ್ ಮತ್ತು ಉಪ್ಪು ಬಿಸ್ಕಿಟ್ ನಿಲ್ಲಿಸುತ್ತೇನೆ. ಶೇಂಗಾ ಚಟ್ನಿ ಮತ್ತು ಗುರೆಳ್ಳು ಚಟ್ನಿಯನ್ನು ಮನೆಯಲ್ಲೇ ಕುಟ್ಟಿ, ಉಪ್ಪಿನ ಬದಲು ಹುಣಸೆಹಣ್ಣು ಮತ್ತು ಬಳ್ಳೊಳ್ಳಿ ಹೆಚ್ಚು ಹಾಕುತ್ತೇನೆ. ಟೋಸ್ಟ್ ಐದರಿಂದ ಮೂರಕ್ಕೆ ಇಳಿಯುತ್ತದೆ. ಉಳಿದಿರುವ ಪ್ರಶ್ನೆ ಆ 5 ಗ್ರಾಂ ಉಪ್ಪಿನಕಾಯಿಯದು. ಅದನ್ನೂ ತೆಗೆದರೆ ಅರ್ಧ ರೊಟ್ಟಿ ಬಿಟ್ಟು ಏಳುತ್ತಾರೆ, ಮೊದಲೇ ಊಟ ಕಡಿಮೆ. ಅಡುಗೆಯ ಉಪ್ಪನ್ನು ಇನ್ನೂ ಅರ್ಧ ಗ್ರಾಂ ತಗ್ಗಿಸಿ ಇದನ್ನು ಉಳಿಸಬಹುದೇ, ಅಥವಾ ಪೂರ್ತಿ ನಿಲ್ಲಿಸಲೇಬೇಕೇ ಎಂಬುದನ್ನು ತಾವು ನಿರ್ಧರಿಸಬೇಕು.

ಎಲ್ಲ ಪ್ಯಾಕೆಟ್ಟುಗಳ ಲೇಬಲ್ಲಿನ ಭಾಗ ಕತ್ತರಿಸಿ, ತೂಕ ಮತ್ತು ರಕ್ತದೊತ್ತಡದ ವಹಿಯೊಂದಿಗೆ ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಉಪ್ಪಿನಕಾಯಿ ಬಾಟಲಿಯ ಲೇಬಲ್ ಕೀಳಲು ಬರಲಿಲ್ಲ, ಅದನ್ನು 27ನೇ ತಾರೀಖು ಸೋಮವಾರ ಅಜ್ಜಿಯವರನ್ನು ಕರೆತರುವಾಗ ಬಾಟಲಿಸಮೇತ ತರುತ್ತೇನೆ. ಅಷ್ಟರೊಳಗೆ ರಕ್ತದ ಪೊಟ್ಯಾಷಿಯಂ ಪರೀಕ್ಷೆ ಮಾಡಿಸುವುದಿದ್ದರೆ, ಪತ್ರ ತಂದ ಮೊಮ್ಮಗನ ಕೈಯಲ್ಲಿ ಚೀಟಿ ಕೊಟ್ಟು ಕಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಮಹಾದೇವಿ